ಹಳೆಯ ಸ್ಲ್ಯಾಬಿನಲ್ಲಿ ತುಕ್ಕು ಹಿಡಿದ ಕಂಬಿ: ಕಾಂಕ್ರೀಟು ಉದುರುವ ಕಾರಣ ಮತ್ತು ದುರಸ್ತಿಯ ಹಂತಗಳು

ಆರ್‌ಸಿಸಿ ಸ್ಲ್ಯಾಬಿನೊಳಗಿನ ಉಕ್ಕಿನ ಕಂಬಿಗೆ ತುಕ್ಕು ಹಿಡಿದು, ಅದರ ಒತ್ತಡಕ್ಕೆ ಕೆಳಗಿನ ಕಾಂಕ್ರೀಟು ಬಿರಿದು ಚಕ್ಕೆಚಕ್ಕೆಯಾಗಿ ಬೀಳುವುದು ಮೂವತ್ತು ನಲವತ್ತು ವರ್ಷ ದಾಟಿದ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷ. ಬಚ್ಚಲುಮನೆಯ ಸೂರು, ಕಿಟಕಿಯ ಮೇಲಿನ ಸಜ್ಜಾ, ಬಾಲ್ಕನಿಯ ತಳ, ನೀರಿನ ಟ್ಯಾಂಕಿನ ಕೆಳಗಿನ ತಾರಸಿ ಇದು ಮೊದಲು ಕಾಣಿಸಿಕೊಳ್ಳುವ ಜಾಗಗಳು. ಬೀಳುವ ಚಕ್ಕೆಯನ್ನು ಹಗುರವೆಂದುಕೊಳ್ಳುವಂತಿಲ್ಲ. ಒಂದಡಿ ಉದ್ದ, ಒಂದಡಿ ಅಗಲ, 20 ಮಿ.ಮೀ. ದಪ್ಪದ ತುಂಡೊಂದು ನಾಲ್ಕು ಕಿಲೋಗಿಂತ ಹೆಚ್ಚು ತೂಗುತ್ತದೆ.

ಉದುರಿದ ಜಾಗಕ್ಕೆ ಸಿಮೆಂಟು ಗಾರೆ ಮೆತ್ತಿ ಸುಣ್ಣ ಬಳಿಯುವುದು ರೂಢಿ. ಅಂಥ ತೇಪೆ ಎರಡು ಮೂರು ಮಳೆಗಾಲ ಕಳೆಯುವುದರೊಳಗೆ ಮತ್ತೆ ಬೀಳುತ್ತದೆ. ಹೀಗೇಕಾಗುತ್ತದೆ ಎಂಬುದು ತಿಳಿಯಬೇಕಾದರೆ ಕಾಂಕ್ರೀಟಿನೊಳಗೆ ಕಂಬಿ ಇಷ್ಟು ವರ್ಷ ತುಕ್ಕಿಲ್ಲದೆ ಹೇಗೆ ಉಳಿದಿತ್ತು ಎಂಬಲ್ಲಿಂದ ಶುರುಮಾಡಬೇಕು.

ಕಂಬಿಯನ್ನು ಕಾಯುವುದು ಏನು

ಸಿಮೆಂಟು ನೀರಿನೊಡನೆ ಸೇರಿ ಗಟ್ಟಿಯಾಗುವಾಗ ಸುಣ್ಣದಂಶ ಬಿಡುಗಡೆಯಾಗುತ್ತದೆ. ಇದರಿಂದಾಗಿ ಹೊಸ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ನಿಂತ ನೀರು ತೀವ್ರ ಕ್ಷಾರೀಯವಾಗಿರುತ್ತದೆ. ಅದರ ಪಿಹೆಚ್ 12.5ರಿಂದ 13.5ರಷ್ಟು. ಇಂಥ ಪರಿಸರದಲ್ಲಿ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ. ಆ ಪೊರೆ ಇರುವವರೆಗೆ ನೀರು, ಗಾಳಿ ಎರಡೂ ಒಳಗೆ ಬಂದರೂ ಕಂಬಿಗೆ ತುಕ್ಕು ಹಿಡಿಯುವುದಿಲ್ಲ.

ಪೊರೆ ಕೆಡುವುದು ಎರಡು ದಾರಿಯಲ್ಲಿ. ಒಳನಾಡಿನಲ್ಲಿ ಮುಖ್ಯವಾದದ್ದು ಕಾರ್ಬನೀಕರಣ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಕಾಂಕ್ರೀಟಿನೊಳಕ್ಕೆ ಇಳಿದು ಸುಣ್ಣದಂಶವನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬದಲಿಸುತ್ತದೆ. ಆ ಭಾಗದ ಪಿಹೆಚ್ 9ಕ್ಕಿಂತ ಕೆಳಗಿಳಿಯುತ್ತದೆ. ಕಾಂಕ್ರೀಟು ಇದರಿಂದ ಮೆತ್ತಗಾಗುವುದಿಲ್ಲ, ನೋಡಲು ಏನೂ ಬದಲಾಗಿರುವುದಿಲ್ಲ. ಆದರೆ ಕಂಬಿಯನ್ನು ಕಾಯುವ ಶಕ್ತಿ ಹೋಗಿರುತ್ತದೆ. ಕರಾವಳಿಯಲ್ಲಿ ಇದರ ಜೊತೆಗೆ ಎರಡನೆಯ ದಾರಿಯೂ ಸೇರುತ್ತದೆ: ಉಪ್ಪಿನ ಕ್ಲೋರೈಡ್. ಕಡಲ ಗಾಳಿಯಿಂದಲೋ, ತೊಳೆಯದೆ ಬಳಸಿದ ಅಳಿವೆಯ ಮರಳಿನಿಂದಲೋ, ಉಪ್ಪುನೀರಿನಿಂದಲೋ ಬಂದ ಕ್ಲೋರೈಡ್ ಪಿಹೆಚ್ ಚೆನ್ನಾಗಿದ್ದಾಗಲೂ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಕಾರ್ಬನೀಕರಣದಿಂದ ಬಂದ ತುಕ್ಕು ಕಂಬಿಯ ಮೈತುಂಬ ಹರಡಿದರೆ, ಕ್ಲೋರೈಡಿನ ತುಕ್ಕು ಒಂದೊಂದೇ ಜಾಗದಲ್ಲಿ ಆಳವಾದ ಗುಳಿ ಕೊರೆಯುತ್ತದೆ.

ಪೊರೆ ಹೋದ ಮೇಲೂ ತುಕ್ಕು ಬೆಳೆಯಲು ತೇವ ಬೇಕು. ಮಲಗುವ ಕೋಣೆಯ ಒಣ ಸೂರು ನಲವತ್ತು ವರ್ಷವಾದರೂ ಹಾಗೇ ಇದ್ದು, ಪಕ್ಕದ ಬಚ್ಚಲಿನ ಸೂರು ಕಂಬಿ ತೋರಿಸುತ್ತಿರುವುದು ಇದೇ ಕಾರಣಕ್ಕೆ. ತೇವಗೊಂಡು ಒಣಗಿ ಮತ್ತೆ ತೇವಗೊಳ್ಳುವ ಜಾಗಕ್ಕೆ ಕೇಡು ಹೆಚ್ಚು. ಫ್ಲ್ಯಾಟುಗಳಲ್ಲಿ ಟಾಯ್ಲೆಟ್ಟಿಗಾಗಿ ತಗ್ಗಿಸಿ ಹಾಕುವ ಸಂಕನ್ ಸ್ಲ್ಯಾಬ್ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಗುಂಡಿಗೆ ಇಟ್ಟಿಗೆ ಚೂರು ತುಂಬಿ ಮೇಲೆ ಟೈಲ್ಸ್ ಹಾಕಿರುತ್ತಾರೆ. ಪೈಪಿನ ಜೋಡಣೆಯೋ ಟೈಲ್ಸಿನ ಸಂದೋ ಸ್ವಲ್ಪ ಬಿಟ್ಟರೂ ಸಾಕು, ನೀರು ಆ ಚೂರುಗಳ ನಡುವೆ ವರ್ಷಗಟ್ಟಲೆ ನಿಂತು ಕೆಳಗಿನ ಕಂಬಿಗೆ ಇಳಿಯುತ್ತಿರುತ್ತದೆ.

ತುಕ್ಕು ತಾನು ತಿಂದ ಉಕ್ಕಿಗಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಸುತ್ತ ಗಟ್ಟಿ ಕಾಂಕ್ರೀಟು ಇರುವುದರಿಂದ ಹಿಗ್ಗಲು ಎಡೆಯಿಲ್ಲ. ಒತ್ತಡವೆಲ್ಲ ಕೆಳಗಿನ ತೆಳು ಪದರದ ಮೇಲೆ ಬೀಳುತ್ತದೆ. ಕಂಬಿಯ ಮೈಯಿಂದ ತಲೆಗೂದಲಿನ ದಪ್ಪದಷ್ಟು ಉಕ್ಕು ತುಕ್ಕಾದರೂ ಕಾಂಕ್ರೀಟು ಬಿರಿಯಲು ಅದು ಸಾಕಾಗುತ್ತದೆ. ಹೀಗಾಗಿ ಮೊದಲ ಬಿರುಕು ಕಂಡಾಗ ಕಂಬಿಯ ಬಲ ಬಹುಪಾಲು ಉಳಿದೇ ಇರುತ್ತದೆ. ದುರಸ್ತಿಗೆ ಅದೇ ಸರಿಯಾದ ಹೊತ್ತು.

ಹಳೆಯ ಮನೆಗಳಲ್ಲೇ ಹೆಚ್ಚೇಕೆ

ಕಂಬಿಯ ಕೆಳಗೆ ಇರುವ ಕಾಂಕ್ರೀಟಿನ ದಪ್ಪಕ್ಕೆ ಕವರ್ ಎನ್ನುತ್ತಾರೆ. ಭಾರತೀಯ ಮಾನಕ ಐಎಸ್ 456ರ 2000ದ ಆವೃತ್ತಿ ಮಳೆ ಬಿಸಿಲಿಗೆ ಒಡ್ಡಿಕೊಳ್ಳದ ಸಾಮಾನ್ಯ ಸನ್ನಿವೇಶಕ್ಕೆ 20 ಮಿ.ಮೀ. ಕವರ್ ಹೇಳುತ್ತದೆ; 12 ಮಿ.ಮೀ.ವರೆಗಿನ ಕಂಬಿಗೆ 5 ಮಿ.ಮೀ. ರಿಯಾಯಿತಿಯಿದೆ. ಕರಾವಳಿಯ ಬಯಲು ವಾತಾವರಣಕ್ಕೆ ಅದೇ ಮಾನಕ 45 ಮಿ.ಮೀ. ಕೇಳುತ್ತದೆ. ಹಳೆಯ ಮನೆಗಳಲ್ಲಿ ಕವರ್ ಬ್ಲಾಕಿನ ಬದಲು ಕಂಬಿಯಡಿಗೆ ಜಲ್ಲಿ ಚೂರು ಇಡುತ್ತಿದ್ದರು. ಕಾಂಕ್ರೀಟು ಸುರಿಯುವಾಗ ಆಳುಗಳು ಓಡಾಡಿ ಚೂರು ಸರಿದರೆ ಕಂಬಿ ಸೆಂಟ್ರಿಂಗ್ ಹಲಗೆಗೇ ಕೂರುತ್ತಿತ್ತು. ಉದುರಿದ ಸೂರಿನಲ್ಲಿ ಐದೇ ಮಿ.ಮೀ. ಕವರ್ ಕಾಣುವುದು ಈ ಕಾರಣದಿಂದ.

ಇನ್ನೆರಡು ಸಂಗತಿಗಳು ಆ ಕಾಲಕ್ಕೆ ಸೇರಿದವು. ಸಿಮೆಂಟಿನ ಮೇಲಿನ ಸರ್ಕಾರಿ ನಿಯಂತ್ರಣ 1982ರಲ್ಲಿ ಭಾಗಶಃ ಸಡಿಲಗೊಂಡು 1989ರಲ್ಲಿ ಪೂರ್ತಿ ಹೋಯಿತು. ಅದಕ್ಕೂ ಮೊದಲು ಸಿಮೆಂಟು ಪರ್ಮಿಟ್ಟಿಗೆ ಸಿಗುತ್ತಿದ್ದ ವಸ್ತು; ಕೈಯಲ್ಲಿ ಕಲಸಿದ, ನೀರು ಹೆಚ್ಚಾದ ಕಾಂಕ್ರೀಟಿನಲ್ಲಿ ರಂಧ್ರಗಳೂ ಹೆಚ್ಚು. ಜೊತೆಗೆ ಆಗ ಬಳಕೆಯಲ್ಲಿದ್ದದ್ದು ತಣ್ಣಗಿರುವಾಗಲೇ ತಿರುಚಿ ತಯಾರಿಸಿದ ಟಾರ್ ಕಂಬಿ. ತಿರುಚಿದ ಒತ್ತಡ ಒಳಗೇ ಉಳಿಯುವುದರಿಂದ ಅದು ಇಂದಿನ ಟಿಎಂಟಿ ಕಂಬಿಗಿಂತ ಬೇಗ ತುಕ್ಕಿಗೆ ಒಳಗಾಗುತ್ತದೆ.

ಪತ್ತೆ ಮತ್ತು ಪರೀಕ್ಷೆ

ಸೂರಿನಲ್ಲಿ ಕಂಬಿಯ ಜಾಡನ್ನೇ ಹಿಡಿದು ಸಾಗುವ ನೇರ ಬಿರುಕು, ಸಮ ಅಂತರದಲ್ಲಿ ಮೂಡುವ ಕಂದು ಗೆರೆ, ಜೋತುಬಿದ್ದ ಪ್ಲಾಸ್ಟರು ಇವು ಮೊದಲ ಸುಳಿವುಗಳು. ಪ್ಲಾಸ್ಟರು ಮಾತ್ರ ಬಿಟ್ಟಿದೆಯೋ ಕಾಂಕ್ರೀಟೇ ಬಿಟ್ಟಿದೆಯೋ ಎಂಬುದು ಬಿದ್ದ ತುಂಡಿನಲ್ಲೇ ತಿಳಿಯುತ್ತದೆ: ಅದರಲ್ಲಿ ಜಲ್ಲಿ ಇದ್ದು, ಒಳಮೈಯಲ್ಲಿ ಕಂಬಿಯ ಅಚ್ಚು ಕಂದಾಗಿ ಮೂಡಿದ್ದರೆ ತುಕ್ಕಿನದೇ ಕೆಲಸ.

ಸಣ್ಣ ಸುತ್ತಿಗೆಯಿಂದ ಸೂರನ್ನು ಅಡಿ ಅಡಿಗೂ ತಟ್ಟುತ್ತಾ ಹೋಗುವುದು ಅಗ್ಗವಾದ, ಬಲು ಉಪಯುಕ್ತವಾದ ಪರೀಕ್ಷೆ. ಗಟ್ಟಿ ಜಾಗ ಠಣ್ ಎನ್ನುತ್ತದೆ, ಒಳಗೆ ಪದರ ಬಿಟ್ಟ ಜಾಗ ಟೊಳ್ಳಾಗಿ ಸದ್ದು ಮಾಡುತ್ತದೆ. ಟೊಳ್ಳು ಜಾಗದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದರೆ, ಕಣ್ಣಿಗೆ ಕಂಡ ಹಾನಿಗಿಂತ ಗುರುತು ಬಿದ್ದ ಜಾಗ ದೊಡ್ಡದಿರುವುದು ಸಾಮಾನ್ಯ.

ಎರಡನೆಯದು ಶಾಲೆಯ ಪ್ರಯೋಗಾಲಯದಲ್ಲಿ ಎಲ್ಲರೂ ಕಂಡಿರುವ ಫಿನಾಲ್ಫ್ತಲೀನ್. ಆಗಷ್ಟೇ ಒಡೆದ, ಧೂಳು ಊದಿದ ಕಾಂಕ್ರೀಟಿನ ಮೇಲೆ ಈ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದಿರುವ ಭಾಗ ಗಾಢ ಗುಲಾಬಿಯಾಗುತ್ತದೆ. ಕಾರ್ಬನೀಕರಣವಾದ ಭಾಗ ಬಣ್ಣ ತಳೆಯುವುದಿಲ್ಲ. ಮೇಲ್ಮೈಯಿಂದ ಗುಲಾಬಿ ಗೆರೆಯವರೆಗಿನ ದೂರವನ್ನು ಅಳತೆಪಟ್ಟಿಯಲ್ಲಿ ಅಳೆಯಬಹುದು. ಕಂಬಿ ಗುಲಾಬಿಯೊಳಗಿದ್ದೂ ತುಕ್ಕು ಹಿಡಿದಿದ್ದರೆ ಕ್ಲೋರೈಡಿನ ಮೇಲೆ ಅನುಮಾನಪಡಬೇಕು. ಆಗ ಕಾಂಕ್ರೀಟಿನ ಪುಡಿಯನ್ನು ಲ್ಯಾಬಿಗೆ ಕಳಿಸಿ ನೋಡಬೇಕಾಗುತ್ತದೆ. ದೊಡ್ಡ ಕಟ್ಟಡಗಳಲ್ಲಿ ಹಾಫ್ ಸೆಲ್ ಪರೀಕ್ಷೆಯಿಂದ ಕಂಬಿಯ ವಿದ್ಯುತ್ ವಿಭವವನ್ನೂ ಅಳೆಯುತ್ತಾರೆ. ತಾಮ್ರದ ವಿದ್ಯುದಗ್ರಕ್ಕೆ ಹೋಲಿಸಿದ ಓದು ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗಿಳಿದರೆ ಅಲ್ಲಿ ತುಕ್ಕು ನಡೆಯುತ್ತಿರುವ ಸಂಭವ ಶೇ. 90ಕ್ಕಿಂತ ಹೆಚ್ಚು.

ಒಂದು ಮಾದರಿ ಲೆಕ್ಕ

1985ರಲ್ಲಿ ಕಟ್ಟಿದ ಬೆಂಗಳೂರಿನ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಹತ್ತಡಿಗೆ ಹನ್ನೆರಡಡಿಯ ಕೋಣೆ, 120 ಮಿ.ಮೀ. ದಪ್ಪದ ಸ್ಲ್ಯಾಬು, 150 ಮಿ.ಮೀ.ಗೆ ಒಂದರಂತೆ 10 ಮಿ.ಮೀ. ಕಂಬಿ, 12 ಮಿ.ಮೀ. ಕವರ್. ಮೇಲಿನ ಮಹಡಿಯ ಬಚ್ಚಲಿನ ಗೋಡೆಯಡಿ ಸೂರು ಉದುರಿದೆ. 2021ರಲ್ಲಿ ಫಿನಾಲ್ಫ್ತಲೀನ್ ಹಾಕಿ ನೋಡಿದಾಗ ಬಣ್ಣವಿಲ್ಲದ ಪದರದ ದಪ್ಪ 24 ಮಿ.ಮೀ. ಸಿಗುತ್ತದೆ.

ಕಾರ್ಬನೀಕರಣದ ಆಳ ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುತ್ತದೆ. 36 ವರ್ಷದ ವರ್ಗಮೂಲ 6, 24 ಮಿ.ಮೀ.ಯನ್ನು ಅದರಿಂದ ಭಾಗಿಸಿದರೆ ಈ ಕಾಂಕ್ರೀಟಿನ ಗುಣಾಂಕ 4. ಅಂದರೆ 12 ಮಿ.ಮೀ. ಕವರ್ ದಾಟಿ ಕಂಬಿ ಮುಟ್ಟಲು ಹಿಡಿದ ಕಾಲ ಮೂರರ ವರ್ಗ, ಕೇವಲ 9 ವರ್ಷ. ಇದೇ ಕಾಂಕ್ರೀಟಿನಲ್ಲಿ ಕವರ್ 20 ಮಿ.ಮೀ. ಇದ್ದಿದ್ದರೆ 25 ವರ್ಷ ಹಿಡಿಯುತ್ತಿತ್ತು. ಎಂಟು ಮಿ.ಮೀ. ಉಳಿಸಿದ್ದಕ್ಕೆ ಹದಿನಾರು ವರ್ಷ ಹೋಯಿತು. 1994ರ ಹೊತ್ತಿಗೇ ಇಡೀ ಸೂರಿನ ಕಂಬಿ ರಕ್ಷಣೆ ಕಳೆದುಕೊಂಡಿತ್ತು. ನೀರು ಸೋರಿದ ಕಡೆ ಮಾತ್ರ ತುಕ್ಕು ಬೆಳೆಯಿತು.

ತುಕ್ಕು ತೆಗೆದು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದಾಗ ಹೆಚ್ಚಿನ ಕಂಬಿಗಳು 9.5 ಮಿ.ಮೀ. ಉಳಿದಿವೆ. ಅವುಗಳ ಅಡ್ಡಕೊಯ್ತದಲ್ಲಿ ಸುಮಾರು ಶೇ. 10 ನಷ್ಟವಾಗಿದೆ, ಚಿಂತೆಯಿಲ್ಲ. ಗೋಡೆಯ ಬಳಿಯ ಎರಡು ಕಂಬಿಗಳು 8.5 ಮಿ.ಮೀ.ಗೆ ಇಳಿದಿವೆ. ನೋಡಲು ಒಂದೂವರೆ ಮಿ.ಮೀ. ವ್ಯತ್ಯಾಸವಷ್ಟೇ, ಆದರೆ ನಷ್ಟ ಶೇ. 28. ಸಾಮಾನ್ಯವಾಗಿ ನಷ್ಟ ಶೇ. 20ರಿಂದ 25 ದಾಟಿದರೆ ಹೊಸ ಕಂಬಿ ಸೇರಿಸುತ್ತಾರೆ. ಈ ಎರಡಕ್ಕೂ ಸೇರಿಸಬೇಕು.

ದುರಸ್ತಿಯ ಹಂತಗಳು

ಕೆಲಸ ಆರಂಭವಾಗುವುದು ಮೇಲಿನಿಂದ. ಬಚ್ಚಲಿನ ಸೋರಿಕೆ, ತಾರಸಿಯ ಬಿರುಕು, ಮಳೆನೀರಿನ ಪೈಪು ಮೊದಲು ಸರಿಯಾಗಬೇಕು. ಸೋರುತ್ತಿರುವ ಸ್ಲ್ಯಾಬಿಗೆ ಕೆಳಗಿನಿಂದ ಎಷ್ಟೇ ಒಳ್ಳೆಯ ಸಾಮಗ್ರಿ ಹಾಕಿದರೂ ನೀರು ಅದರ ಹಿಂದೆ ಕೂತು ತಳ್ಳುತ್ತದೆ.

ಆಮೇಲೆ ಆನಿಕೆ. ಮಾದರಿ ಮನೆಯ ಸ್ಲ್ಯಾಬಿನ ತೂಕವೇ ಮೂರು ಟನ್ನಿಗಿಂತ ಹೆಚ್ಚು. ಕಂಬಿಯ ಸುತ್ತಲ ಕಾಂಕ್ರೀಟು ಕೆತ್ತಿದಷ್ಟು ಕಾಲ ಆ ಕಂಬಿ ಸ್ಲ್ಯಾಬಿಗೆ ಆಸರೆ ಕೊಡುವುದಿಲ್ಲ. ಆದ್ದರಿಂದ ಕೆಳಗೆ ಉಕ್ಕಿನ ಪ್ರಾಪುಗಳನ್ನು ನಿಲ್ಲಿಸಿ ಬಿಗಿಗೊಳಿಸಬೇಕು, ಮೇಲಿನ ಕೋಣೆಯ ಭಾರ ತೆರವು ಮಾಡಬೇಕು. ಆ ಪ್ರಾಪುಗಳು ನಿಂತ ನೆಲವೂ ಇನ್ನೊಂದು ಮಹಡಿಯ ಸ್ಲ್ಯಾಬೇ ಆಗಿದ್ದರೆ ಅದರ ಕೆಳಗೂ ಆನಿಕೆ ಬೇಕು. ಒಂದೇ ಸಲ ಇಡೀ ಸೂರು ಕೆತ್ತದೆ ಪಟ್ಟಿಪಟ್ಟಿಯಾಗಿ ಮುಂದುವರಿಯುವುದು ಕ್ಷೇಮ.

ಕೆತ್ತುವುದರಲ್ಲೇ ದುರಸ್ತಿಯ ಹಣೆಬರಹ ನಿಂತಿದೆ. ಗುರುತು ಮಾಡಿದ ಜಾಗದ ಅಂಚನ್ನು ಗ್ರೈಂಡರಿನಿಂದ ಸುಮಾರು 10 ಮಿ.ಮೀ. ಆಳಕ್ಕೆ ನೇರವಾಗಿ ಕತ್ತರಿಸಬೇಕು. ಕಂಬಿಗೆ ತಾಗದ ಹಾಗೆ ಎಚ್ಚರವಿರಲಿ. ಅಂಚು ಹೀಗೆ ನೆಟ್ಟಗಿದ್ದರೆ ಹೊಸ ಗಾರೆಗೆ ಕೊನೆಯವರೆಗೂ ದಪ್ಪ ಸಿಗುತ್ತದೆ. ಇಳಿಜಾರಾಗಿ ತೆಳುವಾಗುತ್ತಾ ಹೋದರೆ ಆ ತೆಳು ಅಂಚೇ ಮೊದಲು ಎದ್ದು ಬರುತ್ತದೆ. ಒಳಗೆ ಉಳಿ ಅಥವಾ ಸಣ್ಣ ಬ್ರೇಕರಿನಿಂದ ಕಂಬಿಯ ಹಿಂಭಾಗದವರೆಗೂ ಹೋಗಿ, ಕಂಬಿಗೂ ಕಾಂಕ್ರೀಟಿಗೂ ನಡುವೆ 20 ಮಿ.ಮೀ.ನಷ್ಟು ಸಂದು ಬಿಡಿಸಬೇಕು. ಕಂಬಿಯ ಸುತ್ತ ಬೆರಳು ಆಡುವಂತಿರಬೇಕು. ಕಂಬಿಯ ಉದ್ದಕ್ಕೂ ಎರಡು ಬದಿಗೆ ತುಕ್ಕಿಲ್ಲದ ಉಕ್ಕು ಸಿಗುವವರೆಗೆ ಕೆತ್ತನೆ ಮುಂದುವರಿಯಬೇಕು. ಹೆಚ್ಚಿನ ತೇಪೆಗಳು ಸೋಲುವುದು ಇಲ್ಲೇ: ಕಂಬಿಯ ಕೆಳಮೈ ಮಾತ್ರ ಉಜ್ಜಿ ಗಾರೆ ಹಾಕಿದಾಗ ಹಿಂದಿನ ಅರ್ಧ ಸುತ್ತು ಹಳೆಯ, ಕ್ಷಾರ ಕಳೆದ ಕಾಂಕ್ರೀಟಿನಲ್ಲೇ ತುಕ್ಕಾಗುತ್ತಾ ಉಳಿಯುತ್ತದೆ. ಮಾದರಿ ಮನೆಯಲ್ಲಿ ಕವರ್, ಕಂಬಿ, ಹಿಂದಿನ ಸಂದು ಸೇರಿ 42 ಮಿ.ಮೀ. ಕೆತ್ತಬೇಕಾಗುತ್ತದೆ, 120ರ ಸ್ಲ್ಯಾಬಿನಲ್ಲಿ ಆಗ ಉಳಿಯುವುದು 78. ಆನಿಕೆಯನ್ನು ಯಾಕೆ ಬಿಡಬಾರದೆಂದು ಈ ಲೆಕ್ಕವೇ ಹೇಳುತ್ತದೆ.

ತುಕ್ಕನ್ನು ವೈರ್ ಬ್ರಷ್ಷಿನಿಂದ, ಡ್ರಿಲ್ಲಿಗೆ ಸಿಕ್ಕಿಸಿದ ಕಪ್ ಬ್ರಷ್ಷಿನಿಂದ, ದೊಡ್ಡ ಕೆಲಸವಾದರೆ ಮರಳು ಚಿಮ್ಮಿಸಿ ತೆಗೆಯುತ್ತಾರೆ. ಬಚ್ಚಲು ತೊಳೆಯುವ ಆ್ಯಸಿಡ್ ಸವರಿ ತುಕ್ಕು ಬಿಡಿಸುವ ಅಭ್ಯಾಸ ಕೆಲವರಲ್ಲಿದೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ಕಂಬಿ ಕ್ಷಣದಲ್ಲಿ ಹೊಳೆಯುತ್ತದೆ, ಆದರೆ ಕ್ಲೋರೈಡ್ ಕಾಂಕ್ರೀಟಿನೊಳಗೇ ಉಳಿದು ಮುಂದಿನ ತುಕ್ಕಿಗೆ ಬೀಜವಾಗುತ್ತದೆ. ಅಳತೆಯಲ್ಲಿ ತೀರಾ ಸೊರಗಿದ ಕಂಬಿಯ ಪಕ್ಕಕ್ಕೆ ಅದೇ ದಪ್ಪದ ಹೊಸ ಕಂಬಿ ಇಟ್ಟು, ಹಾನಿಯ ಎರಡೂ ತುದಿಯಿಂದಾಚೆಗೆ ಕಂಬಿಯ ವ್ಯಾಸದ 50ರಿಂದ 60 ಪಟ್ಟು, ಅಂದರೆ 10 ಮಿ.ಮೀ. ಕಂಬಿಗೆ ಅರ್ಧ ಮೀಟರಿಗೆ ಕಡಿಮೆಯಿಲ್ಲದಂತೆ, ಒಳ್ಳೆಯ ಭಾಗದ ಮೇಲೆ ಹಾಯಿಸಿ ಬೈಂಡಿಂಗ್ ವೈರಿನಿಂದ ಕಟ್ಟಬೇಕು. ಅಷ್ಟು ಉದ್ದಕ್ಕೆ ಗೋಡೆ ಅಡ್ಡ ಬಂದರೆ ರಂಧ್ರ ಕೊರೆದು ರಾಸಾಯನಿಕ ಅಂಟಿನಲ್ಲಿ ನೆಡುವ ದಾರಿಯಿದೆ; ಆಳವನ್ನು ಎಂಜಿನಿಯರ್ ನಿರ್ಧರಿಸಬೇಕು.

ಹೊಳೆಯುವ ಕಂಬಿಗೆ ಅದೇ ದಿನ ಲೇಪ ಬೀಳಬೇಕು. ರಾತ್ರಿ ಬಿಟ್ಟರೆ ಮತ್ತೆ ಕೆಂಪಾಗುತ್ತದೆ. ಸತುವು ತುಂಬಿದ ಎಪಾಕ್ಸಿ ಪ್ರೈಮರ್ ಚೆನ್ನಾಗಿ ಕೆಲಸ ಮಾಡುವುದು ಪೂರ್ತಿ ಶುದ್ಧವಾದ ಉಕ್ಕಿನ ಮೇಲೆ ಮಾತ್ರ. ಕೈಬ್ರಷ್ಷಿನಲ್ಲಿ ಉಜ್ಜಿದ, ಅಲ್ಲಲ್ಲಿ ಕಲೆ ಉಳಿದ ಕಂಬಿಗೆ ಸಿಮೆಂಟು ಮತ್ತು ಪಾಲಿಮರ್ ಬೆರೆತ ಲೇಪವೇ ವಾಸಿ, ಏಕೆಂದರೆ ಅದು ಕ್ಷಾರವನ್ನು ಮರಳಿ ತರುತ್ತದೆ. ಎಪಾಕ್ಸಿ ಸುತ್ತಲಿನ ಕಾಂಕ್ರೀಟಿಗೆ ಮೆತ್ತಿಕೊಂಡರೆ ಹೊಸ ಗಾರೆ ಹಿಡಿಯುವುದಿಲ್ಲ.

ಗಾರೆ ಹಾಕುವ ಮುನ್ನ ಹಳೆಯ ಕಾಂಕ್ರೀಟು ನೀರು ಕುಡಿದಿರಬೇಕು, ಮೇಲ್ಮೈಯಲ್ಲಿ ಮಾತ್ರ ನೀರು ಪಸೆಯಾಡಬಾರದು. ಎಸ್‌ಬಿಆರ್ ಲೇಟೆಕ್ಸ್ ಮತ್ತು ಸಿಮೆಂಟಿನ ತೆಳು ಗಂಜಿಯನ್ನು ಬ್ರಷ್ಷಿನಿಂದ ಉಜ್ಜಿ ಹಚ್ಚಿ, ಅದು ಹಸಿಯಿರುವಾಗಲೇ ಗಾರೆ ಒತ್ತಬೇಕು. ಒಣಗಿದ ಗಂಜಿ ಅಂಟುವ ಬದಲು ಬಿಡಿಸುವ ಪದರವಾಗುತ್ತದೆ. ಗಾರೆಗೆ ಒಂದು ಪಾಲು ಸಿಮೆಂಟು, ಮೂರು ಪಾಲು ಸ್ವಚ್ಛ ಮರಳು, 50 ಕಿಲೋ ಚೀಲಕ್ಕೆ ಏಳರಿಂದ ಹತ್ತು ಲೀಟರ್ ಲೇಟೆಕ್ಸ್ ಎಂಬುದು ಸಾಮಾನ್ಯ ಪ್ರಮಾಣ. ಡಬ್ಬಿಯ ಮೇಲಿನ ಸೂಚನೆ ಬೇರೆಯಿದ್ದರೆ ಅದನ್ನೇ ಪಾಲಿಸಬೇಕು. ಸೂರಿಗೆ ಒಂದು ಸಲಕ್ಕೆ 10 ಮಿ.ಮೀ. ಆಸುಪಾಸಿನ ಪದರ ಸಾಕು. ಮೊದಲು ಕಂಬಿಯ ಹಿಂದಿನ ಸಂದನ್ನು ಬೆರಳಿನಿಂದ ತುಂಬಬೇಕು, ಪ್ರತಿ ಪದರದ ಮೈ ಗೀಚಿ ಒರಟು ಮಾಡಬೇಕು. ಹಾನಿ ದೊಡ್ಡದಾಗಿ ಆಳವಾಗಿದ್ದರೆ ಕೆಳಗೆ ಹಲಗೆ ಕಟ್ಟಿ, ತಾನೇ ಹರಿಯುವ ಮೈಕ್ರೊ ಕಾಂಕ್ರೀಟನ್ನು ಸ್ಲ್ಯಾಬಿನ ಮೇಲಿಂದ ಕೊರೆದ ತೂತುಗಳ ಮೂಲಕ ಸುರಿಯುವುದು ಉತ್ತಮ.

ಕ್ಯೂರಿಂಗ್ ಇಲ್ಲಿ ಸ್ವಲ್ಪ ಬೇರೆ. ಲೇಟೆಕ್ಸ್ ಬೆರೆತ ಗಾರೆಯನ್ನು ಒಂದೆರಡು ದಿನ ತೇವವಾಗಿಟ್ಟು ಬಳಿಕ ಗಾಳಿಗೆ ಬಿಡಬೇಕು, ಒಣಗುವಾಗಲೇ ಅದರೊಳಗಿನ ಪಾಲಿಮರ್ ಪೊರೆ ಕಟ್ಟಿಕೊಳ್ಳುವುದು. ಮೈಕ್ರೊ ಕಾಂಕ್ರೀಟಿಗಾದರೆ ಏಳು ದಿನವಾದರೂ ನೀರುಣಿಸಬೇಕು. ಪ್ರಾಪುಗಳು ಕನಿಷ್ಠ ಎರಡು ವಾರ ನಿಂತಿರಲಿ. ಗಾರೆ ಗಟ್ಟಿಯಾದ ಮೇಲೆ ಮತ್ತೊಮ್ಮೆ ಸುತ್ತಿಗೆ ತಟ್ಟಿ ಟೊಳ್ಳು ಸದ್ದು ಬಂದ ಕಡೆ ತೆಗೆಸಿ ಹಾಕಿಸಬೇಕು. ಕೊನೆಯದಾಗಿ ಇಡೀ ಸೂರಿಗೆ ಕಾರ್ಬನೀಕರಣ ತಡೆಯುವ ಲೇಪ ಬೇಕು. ಮಾದರಿ ಮನೆಯಲ್ಲಿ ಉದುರದ ಜಾಗದ ಕಂಬಿಯೂ ರಕ್ಷಣೆ ಕಳೆದುಕೊಂಡಿದೆ. ಅಲ್ಲಿಗೆ ಉಳಿದಿರುವ ಕಾಪು ಒಣಗಿರುವುದು ಮಾತ್ರ.

ಬಾಲ್ಕನಿ ಮತ್ತು ಸಜ್ಜಾ

ಗೋಡೆಯಿಂದ ಚಾಚಿಕೊಂಡ ಬಾಲ್ಕನಿ, ಸಜ್ಜಾಗಳಲ್ಲಿ ಭಾರ ಹೊರುವ ಮುಖ್ಯ ಕಂಬಿ ಇರುವುದು ಮೇಲ್ಭಾಗದಲ್ಲಿ. ತಳ ಉದುರುವುದು ಕಣ್ಣಿಗೆ ಕಾಣುತ್ತದೆ, ಟೈಲ್ಸಿನಡಿ ಮೇಲಿನ ಕಂಬಿ ಸವೆಯುವುದು ಕಾಣುವುದಿಲ್ಲ. ಗೋಡೆ ಸೇರುವ ಜಾಗದಲ್ಲಿ ಮೇಲ್ಮೈಯ ಬಿರುಕು, ತುದಿ ಬಾಗಿದ ಲಕ್ಷಣ ಕಂಡರೆ ತಳದ ದುರಸ್ತಿಗೆ ಕೈಹಾಕುವ ಮೊದಲು ಆನಿಕೆ ಕೊಟ್ಟು ಮೇಲ್ಭಾಗ ತೆರೆದು ನೋಡಬೇಕು. ಆನಿಕೆಯಿಲ್ಲದೆ ಮೇಲಿನ ಕಾಂಕ್ರೀಟು ಒಡೆದರೆ ಬಾಲ್ಕನಿ ಇಡಿಯಾಗಿ ಕಳಚಿ ಬೀಳಬಹುದು.

ಸಿಂಗಪುರ ಮತ್ತು ಸರ್ಫ್‌ಸೈಡ್

ಸಿಂಗಪುರದ ಸರ್ಕಾರಿ ವಸತಿ ಮಂಡಳಿಯ ಹಳೆಯ ಫ್ಲ್ಯಾಟುಗಳ ಅಡುಗೆಮನೆ, ಬಚ್ಚಲುಗಳಲ್ಲಿ ಸೂರು ಉದುರುವುದು ಸಾಮಾನ್ಯ ದೂರು. ಮಂಡಳಿ ಇದನ್ನು ಕಾರ್ಬನೀಕರಣದ ಸಹಜ ಪರಿಣಾಮವೆಂದೇ ಒಪ್ಪುತ್ತದೆ. ಮನೆಯೊಳಗಿನ ದುರಸ್ತಿ ಮಾಲೀಕರ ಹೊಣೆಯಾದರೂ, ನೆರವಿನ ಯೋಜನೆಯೊಂದರಡಿ ಅರ್ಧ ವೆಚ್ಚವನ್ನು ಮಂಡಳಿ ಭರಿಸುತ್ತದೆ.

ಅಮೆರಿಕದ ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ 1981ರಲ್ಲಿ ಕಟ್ಟಿದ ಕಡಲತೀರದ ವಸತಿ ಸಮುಚ್ಚಯದ ಕತೆ ಬೇರೆ. 2018ರಲ್ಲಿ ಪರಿಶೀಲಿಸಿದ ಎಂಜಿನಿಯರ್, ಈಜುಕೊಳದ ಅಂಗಳದ ಜಲನಿರೋಧಕ ಪದರ ಕೆಟ್ಟು ಅದರ ಕೆಳಗಿನ ಸ್ಲ್ಯಾಬಿಗೆ ಭಾರಿ ಹಾನಿಯಾಗಿದೆಯೆಂದು ವರದಿ ಕೊಟ್ಟರು. ಅಂಗಳಕ್ಕೆ ಇಳಿಜಾರಿರಲಿಲ್ಲ, ನೀರು ಆರುವವರೆಗೂ ಅಲ್ಲೇ ನಿಲ್ಲುತ್ತಿತ್ತು. ಗ್ಯಾರೇಜಿನ ಹಿಂದಿನ ತೇಪೆಗಳೂ ಕಿತ್ತುಬರುತ್ತಿದ್ದವು. ದೊಡ್ಡ ದುರಸ್ತಿ ಶುರುವಾಗುವ ಮೊದಲೇ, 2021ರ ಜೂನ್ 24ರ ನಸುಕಿನಲ್ಲಿ ಕಟ್ಟಡದ ಒಂದು ಭಾಗ ಕುಸಿದು 98 ಜನ ಸತ್ತರು. ತುಕ್ಕೊಂದೇ ಕಾರಣವಾಗಿರಲಿಲ್ಲ, ಅಂಗಳದ ವಿನ್ಯಾಸವೇ ನಿಯಮ ಕೇಳುವಷ್ಟು ಬಲವಿರಲಿಲ್ಲವೆಂದು ತನಿಖೆಯಲ್ಲಿ ಕಂಡುಬಂತು.

ದುರಸ್ತಿಯ ಮಿತಿ

ಕ್ಲೋರೈಡ್ ಹೊಕ್ಕ ಸ್ಲ್ಯಾಬಿನಲ್ಲಿ ತೇಪೆ ಒಳ್ಳೆಯದಿದ್ದರೂ ಅದರ ಅಂಚಿನಾಚೆ ಹೊಸ ತುಕ್ಕು ಏಳುತ್ತದೆ. ಒಂದೇ ಕಂಬಿಯ ಒಂದು ಭಾಗ ಹೊಸ ಕ್ಷಾರೀಯ ಗಾರೆಯಲ್ಲಿ, ಇನ್ನೊಂದು ಭಾಗ ಉಪ್ಪು ತುಂಬಿದ ಹಳೆಯ ಕಾಂಕ್ರೀಟಿನಲ್ಲಿದ್ದಾಗ ಅವೆರಡರ ನಡುವೆ ವಿದ್ಯುತ್ ಕೋಶ ಏರ್ಪಟ್ಟು, ಉಪ್ಪಿರುವ ಕಡೆಯ ಉಕ್ಕು ಕರಗತೊಡಗುತ್ತದೆ. ಇದನ್ನು ತಡೆಯಲು ತೇಪೆಯ ಅಂಚಿನಲ್ಲಿ ಸತುವಿನ ಬಿಲ್ಲೆಗಳನ್ನು ಕಂಬಿಗೆ ಕಟ್ಟುತ್ತಾರೆ. ಉಕ್ಕಿನ ಬದಲು ಸತುವು ಕರಗುತ್ತದೆ. ಬಿಲ್ಲೆಗೂ ಆಯುಸ್ಸಿದೆ, ಅದು ಮುಗಿದ ಮೇಲೆ ರಕ್ಷಣೆಯಿಲ್ಲ.

ಸೂರಿನ ಬಹುಭಾಗದಲ್ಲಿ ಕಂಬಿ ಕಾಲು ಪಾಲಿಗಿಂತ ಹೆಚ್ಚು ಸವೆದಿದ್ದರೆ, ಕಾಂಕ್ರೀಟು ಉಳಿಗೆ ಪುಡಿಯಾಗಿ ಬರುತ್ತಿದ್ದರೆ, ಮೂರು ಮೀಟರಿನ ಕೋಣೆಯಲ್ಲಿ ಸ್ಲ್ಯಾಬು ನಡುವೆ 12 ಮಿ.ಮೀ.ಗಿಂತ ಹೆಚ್ಚು ಬಾಗಿದ್ದರೆ ದುರಸ್ತಿಗೆ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಅದರ ಬಲವನ್ನು ಲೆಕ್ಕ ಹಾಕಬೇಕು. ಅಂಥ ಕಡೆ ಉಕ್ಕಿನ ತೊಲೆಯ ಆಸರೆ ಕೊಡುವುದು ಅಥವಾ ಸ್ಲ್ಯಾಬು ಒಡೆದು ಹೊಸದು ಹಾಕುವುದು ತೇಪೆಗಿಂತ ಅಗ್ಗವಾಗಬಹುದು.

ಗುತ್ತಿಗೆದಾರರಿಂದ ಕೊಟೇಶನ್ ಪಡೆಯುವಾಗ ಮನೆಯವರು ನಾಲ್ಕು ಸಾಲು ಬರೆಸಿಕೊಳ್ಳಬೇಕು: ಸೋರಿಕೆ ಮೊದಲು ನಿಲ್ಲಿಸುವುದು, ಪ್ರಾಪ್ ಕೊಡುವುದು, ಕಂಬಿಯ ಹಿಂದೆ 20 ಮಿ.ಮೀ. ಬಿಡಿಸುವುದು, ಗಾರೆ ಮುಚ್ಚುವ ಮೊದಲು ಕಂಬಿಯ ಅಳತೆ ತೋರಿಸುವುದು. ಈ ನಾಲ್ಕಕ್ಕೂ ಒಪ್ಪದವರಿಗೆ ಕೆಲಸ ಕೊಡಬಾರದು.